ಎಂಟು ನಿಮಿಷದ ಸೀಟು

ಹಬ್ಬದ ಹಿಂದಿನ ದಿನ ಯಾವ ಊರಿನ ಬಸ್ ನಿಲ್ದಾಣಕ್ಕೆ ಹೋದರೂ ಈ ನೋಟ ಸಿಗುತ್ತದೆ. ಬಸ್ಸು ಇನ್ನೂ ಪ್ಲಾಟ್‌ಫಾರ್ಮಿಗೆ ತಿರುಗುತ್ತಿರುವಾಗಲೇ ಕಿಟಕಿಗಳಿಂದ ಟವೆಲ್, ಕರ್ಚೀಫು, ಕೈಚೀಲ ಒಳಗೆ ಬೀಳುತ್ತವೆ. ಟವೆಲ್ ಬಿದ್ದ ಸೀಟಿಗೆ ಯಾರೋ ವಾರಸುದಾರರಿದ್ದಾರೆ ಎಂಬುದನ್ನು ಎಲ್ಲರೂ ಹೆಚ್ಚುಕಡಿಮೆ ಒಪ್ಪುತ್ತಾರೆ. ಆದರೆ ಅದು ಯಾರ ಟವೆಲ್, ಎಷ್ಟು ಹೊತ್ತಿನ ತನಕ ಅದಕ್ಕೆ ಬೆಲೆ, ವಾರಸುದಾರ ಬಾರದಿದ್ದರೆ ಅದನ್ನು ತೆಗೆಯಬೇಕಾದವರು ಯಾರು? ಜಗಳವೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಆಗುತ್ತದೆ.

ಮೊಬೈಲಿನಲ್ಲಿ ಟಿಕೆಟ್ ಮಾಡುವಾಗಲೂ ನಡೆಯುವುದು ಇದೇ ವ್ಯವಹಾರ. ಸೀಟಿನ ಚಿತ್ರ ಒತ್ತಿ, ಹೆಸರು, ವಯಸ್ಸು ತುಂಬಿ ಮುಂದೆ ಹೋದ ಕೂಡಲೇ ಪರದೆಯ ಮೂಲೆಯಲ್ಲಿ 8:00, 7:59, 7:58 ಎಂದು ಸಮಯ ಇಳಿಯತೊಡಗುತ್ತದೆ. ಅಷ್ಟು ಹೊತ್ತು ಆ ಸೀಟು ಬೇರೆಯವರಿಗೆ ಸಿಗುವುದಿಲ್ಲ. ಬಸ್ಸಿನವರ ಮಾತಿನಲ್ಲಿ ಹೇಳುವುದಾದರೆ, ಸೀಟು 'ಬ್ಲಾಕ್' ಆಗಿದೆ. ದುಡ್ಡು ಬಂದರೆ ಟಿಕೆಟ್, ಬಾರದಿದ್ದರೆ ಸೀಟು ಮತ್ತೆ ಮಾರಾಟಕ್ಕೆ. ಇದರಲ್ಲಿ ಹಿಡಿಯುವ ಕೆಲಸ ಸುಲಭ. ಹಿಡಿದದ್ದನ್ನು ಸರಿಯಾದ ಕ್ಷಣದಲ್ಲಿ, ಸರಿಯಾದ ರೀತಿಯಲ್ಲಿ ಬಿಡುವುದರಲ್ಲೇ ತಂತ್ರಾಂಶ ಬರೆಯುವವರು ಎಡವುವುದು.

ಇಷ್ಟೆಲ್ಲ ಬೇಕೇ, ಹಿಡಿಯದೆಯೇ ಮಾರಬಾರದೇ ಎಂದು ಕೇಳಬಹುದು. ಮಾರಬಹುದು. ರೈಲ್ವೆ ಟಿಕೆಟ್ ಮಾಡಿದವರಿಗೆ ಅದರ ಅನುಭವ ಇದ್ದೇ ಇರುತ್ತದೆ. ಐಆರ್‌ಸಿಟಿಸಿಯಲ್ಲಿ ಮೊದಲು ಹಣ ಹೋಗುತ್ತದೆ, ಆಮೇಲೆ ಬರ್ತ್ ನಿಗದಿಯಾಗುತ್ತದೆ. ನೋಡಿದಾಗ ನಾಲ್ಕು ಬರ್ತ್ ಖಾಲಿ ಇದ್ದದ್ದು ಬ್ಯಾಂಕಿನ ಓಟಿಪಿ ಬಂದು ಹೋಗುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಆಗಿರುತ್ತದೆ. ತತ್ಕಾಲ್ ಹೊತ್ತಿನಲ್ಲಂತೂ ಬೇಗ ಪಾವತಿ ಮುಗಿಸಿದವನದೇ ಬರ್ತ್. ಆ ಕೆಲವು ಸೆಕೆಂಡು ಉಳಿಸಿಕೊಳ್ಳಲೆಂದೇ ಐಆರ್‌ಸಿಟಿಸಿಯ ವಾಲೆಟ್ಟಿನಲ್ಲಿ ಮೊದಲೇ ಹಣ ಹಾಕಿಟ್ಟುಕೊಳ್ಳುವವರು ಇದ್ದಾರೆ. ರೈಲಿನಲ್ಲಿ ಇದು ಹೇಗೋ ನಡೆಯುತ್ತದೆ, ಏಕೆಂದರೆ ಅಲ್ಲಿ ಪ್ರಯಾಣಿಕ ಇಂಥದೇ ಬರ್ತ್ ಎಂದು ಬೆರಳಿಟ್ಟು ಆರಿಸುವುದಿಲ್ಲ. ಬರ್ತ್ ಸಿಗದವನಿಗೆ ಕಾಯುವ ಪಟ್ಟಿಯೂ ಇದೆ. ಬಸ್ಸಿನಲ್ಲಿ, ಸಿನಿಮಾ ಮಂದಿರದಲ್ಲಿ ಕಾಯುವ ಪಟ್ಟಿ ಇಲ್ಲ. ಕಿಟಕಿ ಪಕ್ಕದ 14ನೇ ಸೀಟು ಬೇಕೆಂದು ಆರಿಸಿದವನಿಗೆ ಅದೇ ಬೇಕು.

ಮೊಬೈಲಿಗಿಂತ ಹಿಂದೆಯೂ ಸೀಟು ಬ್ಲಾಕ್ ಆಗುತ್ತಿತ್ತು. ಖಾಸಗಿ ಬಸ್ಸಿನ ಟಿಕೆಟ್ ಬೇಕೆಂದರೆ ಟ್ರಾವೆಲ್ಸ್ ಏಜೆಂಟರ ಮುಂದೆ ನಿಲ್ಲಬೇಕಿತ್ತು. ಅವರು ಬಸ್ಸಿನ ಮಾಲೀಕರ ಆಫೀಸಿಗೆ ಫೋನ್ ಮಾಡುವರು, ಅಲ್ಲಿದ್ದವರು ಕಾಗದದ ಚಾರ್ಟ್ ನೋಡಿ ಸೀಟು ಗುರುತಿಸುವರು. ಗಿರಾಕಿ ದುಡ್ಡು ಎಣಿಸುವ ತನಕ ಸೀಟು ಬಾಯಿಮಾತಿನಲ್ಲಿ ಅವನದು. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಪರದಾಡಿದ ಫಣೀಂದ್ರ ಸಾಮ, ಗೆಳೆಯರ ಜೊತೆ ಸೇರಿ 2006ರಲ್ಲಿ ರೆಡ್‌ಬಸ್ ಆರಂಭಿಸಿದ ಕಥೆ ಬಹಳ ಜನರಿಗೆ ಗೊತ್ತು. ಊರೂರಿನ ಏಜೆಂಟರ ಬಳಿ ಚದುರಿಹೋಗಿದ್ದ ಚಾರ್ಟುಗಳು ಒಂದು ಕಂಪ್ಯೂಟರಿನ ಪಟ್ಟಿಗೆ ಬಂದವು. ಅದರ ಜೊತೆಗೇ ಒಂದು ಹೊಸ ತೊಡಕೂ ಬಂತು: ಮೊದಲು ಒಬ್ಬ ಏಜೆಂಟ್ ಫೋನಿನಲ್ಲಿರುವಾಗ ಇನ್ನೊಬ್ಬನಿಗೆ ಎಂಗೇಜ್ ಟೋನ್ ಬರುತ್ತಿತ್ತು, ಈಗ ಸಾವಿರ ಜನ ಒಂದೇ ಸಲ ಒಳಗೆ ಬರುತ್ತಾರೆ.

ಪರದೆಯ ಹಿಂದೆ ಆಗುವುದೇನೆಂದು ನೋಡೋಣ. ಸರ್ವರಿನ ಡೇಟಾಬೇಸಿನಲ್ಲಿ ಪ್ರತಿ ಸೀಟಿಗೂ ಒಂದು ಸಾಲು ಇರುತ್ತದೆ. ಸೀಟು ಖಾಲಿಯೇ, ಹಿಡಿದಿದೆಯೇ, ಮಾರಾಟವಾಗಿದೆಯೇ ಎಂಬುದು ಆ ಸಾಲಿನಲ್ಲಿ ಬರೆದಿರುತ್ತದೆ. ಹಿಡಿದಿದ್ದರೆ ಇನ್ನೆರಡು ವಿವರ ಬೇಕೇ ಬೇಕು. ಒಂದು, ಹಿಡಿತದ ಚೀಟಿ ಸಂಖ್ಯೆ. ಇನ್ನೊಂದು, ಅವಧಿ ಮುಗಿಯುವ ಗಳಿಗೆ. ಟವೆಲ್ಲಿಗೆ ಇಲ್ಲದ ಹೆಸರು ಮತ್ತು ಗಡಿಯಾರ ಇವೇ. ಚೀಟಿ ಎಂದರೆ ಪ್ರಯಾಣಿಕರ ಹೆಸರಲ್ಲ, ಆ ಒಂದು ಪ್ರಯತ್ನಕ್ಕೆ ಮಾತ್ರ ಕೊಟ್ಟ ಗುರುತು. ಅದೇ ವ್ಯಕ್ತಿ ಅವಧಿ ಮುಗಿದ ಮೇಲೆ ಅದೇ ಸೀಟನ್ನು ಮತ್ತೆ ಹಿಡಿದರೂ ಹೊಸ ಚೀಟಿಯೇ.

ಹಿಡಿಯುವಾಗ ಪಾಲಿಸಬೇಕಾದ ಶಿಸ್ತು ಒಂದೇ. 'ಖಾಲಿ ಇದೆಯೇ' ಎಂದು ನೋಡುವುದು ಮತ್ತು 'ನನ್ನದು' ಎಂದು ಬರೆಯುವುದು ಎರಡು ಬೇರೆ ಬೇರೆ ಹೆಜ್ಜೆಗಳಾಗಬಾರದು. ಬೇರೆಯಾದರೆ, ಇಬ್ಬರೂ ಖಾಲಿ ಎಂದು ನೋಡಿ ಇಬ್ಬರೂ ಬರೆದುಬಿಡುತ್ತಾರೆ. 'ಖಾಲಿ ಇದ್ದರೆ ಮಾತ್ರ ಬರೆ' ಎಂದು ಒಂದೇ ಆಜ್ಞೆಯಲ್ಲಿ ಹೇಳಿದರೆ ಡೇಟಾಬೇಸ್ ಒಬ್ಬರದನ್ನು ಮಾತ್ರ ಒಪ್ಪುತ್ತದೆ. ಇನ್ನೊಬ್ಬರಿಗೆ 'ಬದಲಾದ ಸಾಲು: ಸೊನ್ನೆ' ಎಂಬ ಉತ್ತರ ಬರುತ್ತದೆ.

ಹೊಸಬರು ಇನ್ನೊಂದು ದಾರಿ ಹಿಡಿಯುವುದುಂಟು. ಡೇಟಾಬೇಸಿಗೇ ಇರುವ ಬೀಗವನ್ನು ಆ ಸಾಲಿಗೆ ಹಾಕಿ, ಹಣ ಬರುವ ತನಕ ತೆಗೆಯದೆ ಇಡುವುದು. ಆ ಬೀಗ ಇರುವುದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುವ ಕೆಲಸಗಳಿಗೆ. ಒಬ್ಬ ಪ್ರಯಾಣಿಕ ಕಾರ್ಡ್ ಹುಡುಕುತ್ತಾ ಕೂತರೆ ಅಷ್ಟು ಹೊತ್ತೂ ಡೇಟಾಬೇಸಿನ ಒಂದು ಸಂಪರ್ಕ ಅವನಿಗಾಗಿ ತೆರೆದಿರುತ್ತದೆ. ಅಂಥವರು ಕೆಲವು ನೂರು ಜನ ಸೇರಿದರೆ ಹೊಸಬರಿಗೆ ಬಾಗಿಲೇ ತೆರೆಯದು. ಸರ್ವರ್ ನಡುವೆ ನಿಂತುಹೋದರಂತೂ ಯಾರ ಬೀಗ ಯಾವಾಗ ಹೋಯಿತೆಂಬ ಲೆಕ್ಕವೇ ಉಳಿಯುವುದಿಲ್ಲ. ಆದ್ದರಿಂದ ಬೀಗವಲ್ಲ, ಅವಧಿ ಬರೆದ ಚೀಟಿಯೇ ಸರಿ.

ಇನ್ನು ಬಿಡುವ ಕಥೆ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದೀಪಾವಳಿ ಹಿಂದಿನ ಸಂಜೆ, ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಹೊರಡುವ ಬಸ್ಸು, ಉಳಿದಿರುವುದು 14ನೇ ಸೀಟು ಒಂದೇ. ಸರಿಯಾಗಿ 7 ಗಂಟೆಗೆ ಒಬ್ಬ ಕಾಲೇಜು ಹುಡುಗಿ ಅದನ್ನು ಹಿಡಿಯುತ್ತಾಳೆ. ಅವಳ ಚೀಟಿ K7, ಅವಧಿ 7 ಗಂಟೆ 8 ನಿಮಿಷದವರೆಗೆ. ಅಪ್ಪನಿಗೆ ಫೋನ್ ಮಾಡಿ, ಖಾತೆಗೆ ಹಣ ಹಾಕಿಸಿಕೊಂಡು, ಯುಪಿಐ ಪಿನ್ ಒತ್ತುವಾಗ 7:07:40. ಹತ್ತು ಸೆಕೆಂಡಿನಲ್ಲಿ ಖಾತೆಯಿಂದ ಹಣ ಹೋಗುತ್ತದೆ. ಹಬ್ಬದ ಹೊತ್ತು, ಬ್ಯಾಂಕಿನ ಸರ್ವರ್ ನಿಧಾನ. 'ಹಣ ಬಂತು' ಎಂಬ ಸುದ್ದಿ ಬುಕಿಂಗ್ ಸರ್ವರಿಗೆ ಮುಟ್ಟುವಾಗ 7:08:12.

ಈ ನಡುವೆ, 7:08ಕ್ಕೆ ಅವಧಿ ಮುಗಿದು ಸೀಟು ತೆರೆದುಕೊಂಡಿದೆ. 7:08:05ಕ್ಕೆ ಹಳ್ಳಿಗೆ ಹೊರಟ ಒಬ್ಬ ಮೇಷ್ಟರು ಅದನ್ನು ಹಿಡಿದಿದ್ದಾರೆ. ಅವರ ಚೀಟಿ M3.

ಈಗ ಹನ್ನೆರಡನೇ ಸೆಕೆಂಡಿಗೆ ಬಂದ ಸುದ್ದಿಯನ್ನು ಓದುವ ತಂತ್ರಾಂಶ '14ನೇ ಸೀಟಿಗೆ ಹಣ ಬಂದಿದೆ, ಮಾರಾಟ ಎಂದು ಬರೆ' ಎಂದಷ್ಟೇ ತಿಳಿದಿದ್ದರೆ ಹುಡುಗಿಗೆ ಟಿಕೆಟ್ ಹೋಗುತ್ತದೆ. ಮೇಷ್ಟರ ಪರದೆಯಲ್ಲಿ ಸಮಯ ಇನ್ನೂ ಇಳಿಯುತ್ತಲೇ ಇದೆ. ಅವರೂ ಹಣ ಕಟ್ಟುತ್ತಾರೆ, ಅವರಿಗೂ ಟಿಕೆಟ್ ಹೋಗುತ್ತದೆ. ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಇಬ್ಬರ ಕೈಯಲ್ಲೂ ಅದೇ ನಂಬರು. ಬಿಡಿಸಬೇಕಾದ ಪಾಪದ ಕಂಡಕ್ಟರಿಗೆ ಇದರ ತಲೆಬುಡ ಗೊತ್ತಿಲ್ಲ.

ಇದಕ್ಕಿಂತ ಕುತಂತ್ರಿಯಾದ ಇನ್ನೊಂದು ದೋಷವಿದೆ. ಅವಧಿ ಮೀರಿದ ಹಿಡಿತಗಳನ್ನು ಗುಡಿಸಲು ಅನೇಕ ಕಡೆ ಒಂದು ಸಣ್ಣ ಕಾರ್ಯಕ್ರಮ ಆಗಾಗ ಓಡುತ್ತಿರುತ್ತದೆ. ಅದು 7:08:01ಕ್ಕೆ ಎದ್ದು ಪಟ್ಟಿ ಓದುತ್ತದೆ: 14ನೇ ಸೀಟಿನ ಅವಧಿ ಮುಗಿದಿದೆ, ಬಿಡಬೇಕು. ಪಟ್ಟಿ ಉದ್ದವಿದೆ, 14ರ ಸರದಿ ಬರುವಾಗ 7:08:07. ಆ ಹೊತ್ತಿಗೆ ಆ ಸಾಲಿನಲ್ಲಿರುವುದು ಮೇಷ್ಟರ ಹಿಡಿತ. ಗುಡಿಸುವ ಕಾರ್ಯಕ್ರಮಕ್ಕೆ ಅದು ಗೊತ್ತಿಲ್ಲ, ಹಳೆಯ ಪಟ್ಟಿ ನಂಬಿ ಸೀಟನ್ನು ಖಾಲಿ ಎಂದು ಬರೆದುಬಿಡುತ್ತದೆ. ಎರಡು ಸೆಕೆಂಡಿನ ಹಿಂದೆ ಸೀಟು ಹಿಡಿದ ಮೇಷ್ಟರದನ್ನು ಮೂರನೆಯವರೊಬ್ಬರು ಹಿಡಿಯುತ್ತಾರೆ. ಪರೀಕ್ಷೆ ಮಾಡುವಾಗ ಇಂಥದ್ದು ಸಿಕ್ಕಿಬೀಳುವುದೇ ಇಲ್ಲ, ಏಕೆಂದರೆ ಪರೀಕ್ಷೆಯ ದಿನ ಪಟ್ಟಿ ಉದ್ದವಿರುವುದಿಲ್ಲ. ದೋಷ ಹೊರಬೀಳುವುದು ಹಬ್ಬದ ದಿನವೇ.

ಎರಡಕ್ಕೂ ಮದ್ದು ಒಂದೇ. ಸೀಟನ್ನು ಮುಟ್ಟುವ ಪ್ರತಿಯೊಂದು ಆಜ್ಞೆಯೂ ಚೀಟಿ ಸಂಖ್ಯೆ ಹೇಳಬೇಕು. ಬಿಡುವ ಆಜ್ಞೆ ಡೇಟಾಬೇಸಿನ ಭಾಷೆಯಲ್ಲಿ ಹೀಗಿರುತ್ತದೆ:

```sql
UPDATE seats
SET status = 'FREE', hold_id = NULL
WHERE trip_id = 512 AND seat_no = 14
  AND status = 'HELD' AND hold_id = 'K7'
  AND hold_until < now();
```

'ಸೀಟು ಇನ್ನೂ K7 ಹೆಸರಿನಲ್ಲೇ ಇದ್ದರೆ, ಅದರ ಅವಧಿ ನಿಜವಾಗಿ ಮುಗಿದಿದ್ದರೆ ಮಾತ್ರ ಬಿಡು' ಎಂಬುದು ಇದರ ಅರ್ಥ. ಸಾಲಿನಲ್ಲಿ M3 ಬಂದು ಕೂತಿದ್ದರೆ ಈ ಆಜ್ಞೆ ಏನೂ ಮಾಡದೆ ಹಿಂದಿರುಗುತ್ತದೆ. ಟಿಕೆಟ್ ಮಾಡುವ ಆಜ್ಞೆಗೂ ಇದೇ ಷರತ್ತು. ಹುಡುಗಿಯ ಹಣದ ಸುದ್ದಿ K7 ಎಂದು ಹೇಳಿಕೊಂಡು ಬರುತ್ತದೆ, ಸಾಲಿನಲ್ಲಿ M3 ಇರುವುದರಿಂದ ಟಿಕೆಟ್ ಆಗುವುದಿಲ್ಲ. ಮೇಷ್ಟರಿಗೆ ಏನೂ ಆಗಿಲ್ಲ.

ಅವಧಿ ಮುಗಿದಿದ್ದರೂ ಆ ಸೀಟನ್ನು ಬೇರೆ ಯಾರೂ ಹಿಡಿದಿಲ್ಲದಿದ್ದರೆ? ಸಾಲಿನಲ್ಲಿ ಇನ್ನೂ K7 ಎಂದೇ ಇರುತ್ತದೆ. ಒಳ್ಳೆಯ ವ್ಯವಸ್ಥೆ ಅಲ್ಲಿ ಹಟ ಮಾಡುವುದಿಲ್ಲ. ಹನ್ನೆರಡು ಸೆಕೆಂಡು ತಡವಾದರೂ ಹಣ ಬಂದಿದೆ, ಟಿಕೆಟ್ ಕೊಟ್ಟುಬಿಡುತ್ತದೆ. ಹಾಗಾಗಿ ಕೆಲವರು ಗುಡಿಸುವ ಕಾರ್ಯಕ್ರಮವನ್ನು ನೆಚ್ಚಿಕೊಳ್ಳುವುದೇ ಇಲ್ಲ. ಅವಧಿ ಮುಗಿದ ಹಿಡಿತವನ್ನು ಹಾಗೇ ಬಿಟ್ಟಿರುತ್ತಾರೆ. ಇನ್ನೊಬ್ಬರು ಬಂದು ಕೇಳಿದಾಗ ಮಾತ್ರ ಅದನ್ನು ತೆಗೆದು ಅವರ ಚೀಟಿ ಬರೆಯುತ್ತಾರೆ. ಕಾರ್ಯಕ್ರಮ ಕೆಟ್ಟು ಮಲಗಿದರೂ ಸೀಟು ಕೈತಪ್ಪುವುದಿಲ್ಲ ಎಂಬುದು ಇದರ ಲಾಭ. ಇದೇ ಮೇಲು.

ಮೇಷ್ಟರು ಬಚಾವಾದರು ನಿಜ, ಆದರೆ ಹುಡುಗಿಯ ಹಣ? ಸೀಟು ಬಿಟ್ಟದ್ದು ಸುರಕ್ಷಿತ ಎನ್ನಬೇಕಾದರೆ ಅದರ ಹಿಂದೆ ಹೋದ ಹಣವೂ ತಿರುಗಿ ಬರಬೇಕು. 'ಬದಲಾದ ಸಾಲು: ಸೊನ್ನೆ' ಎಂಬ ಉತ್ತರ ಬಂದ ಕೂಡಲೇ ತಂತ್ರಾಂಶ ತಾನಾಗಿ ರಿಫಂಡ್ ಆದೇಶ ಹೊರಡಿಸಬೇಕು, 'ಸೀಟು ಸಿಗಲಿಲ್ಲ, ಹಣ ವಾಪಸ್ ಕಳಿಸಿದ್ದೇವೆ' ಎಂದು ಅವಳಿಗೆ ಆಗಲೇ ತಿಳಿಸಬೇಕು. ಆ ಉತ್ತರವನ್ನು ನುಂಗಿ ಸುಮ್ಮನಿರುವ ವ್ಯವಸ್ಥೆಗಳಿಂದಲೇ 'ದುಡ್ಡು ಕಟ್ ಆಯ್ತು, ಟಿಕೆಟ್ ಬರಲಿಲ್ಲ' ಎಂಬ ದೂರು ಹುಟ್ಟುವುದು.

ಇಂಥ ಪರಿಸ್ಥಿತಿಯೇ ಬಾರದಂತೆ ನೋಡಿಕೊಳ್ಳಲು ಒಂದು ಸರಳ ಉಪಾಯವಿದೆ: ಹಣ ಕಟ್ಟುವ ಅವಧಿ ಸೀಟಿನ ಅವಧಿಗಿಂತ ಮೊದಲೇ ಮುಗಿಯಬೇಕು. ಸೀಟು ಎಂಟು ನಿಮಿಷ ಹಿಡಿದಿದ್ದರೆ ಪಾವತಿ ಕೋರಿಕೆ ಆರನೇ ನಿಮಿಷಕ್ಕೇ ಸಾಯಬೇಕು, ಪರದೆಯ ಟೈಮರ್ ತೋರಿಸಬೇಕಾದ್ದೂ ಆರು ನಿಮಿಷವನ್ನೇ. ಉಳಿದ ಎರಡು ನಿಮಿಷ ಪ್ರಯಾಣಿಕರದಲ್ಲ, ಬ್ಯಾಂಕಿನಿಂದ ಬರುವ ಸುದ್ದಿಯದು. ನಮ್ಮ ಹುಡುಗಿಗೆ ಈ ನಿಯಮವಿದ್ದಿದ್ದರೆ 7:07:40ಕ್ಕೆ ಪಿನ್ ಒತ್ತಲು ಕೋರಿಕೆಯೇ ಇರುತ್ತಿರಲಿಲ್ಲ. 'ಸಮಯ ಮೀರಿತು' ಎಂದು ಬೇಸರವಾಗುತ್ತಿತ್ತು, ಆದರೆ ಹಣ ಕೈಯಲ್ಲೇ ಇರುತ್ತಿತ್ತು.

ಬಿಡುವ ಮುಂಚೆ ಕೇಳುವುದು ಇನ್ನೊಂದು ಎಚ್ಚರ. ಅವಧಿ ಮುಗಿದಾಗ ಸರ್ವರ್ ಪೇಮೆಂಟ್ ಗೇಟ್‌ವೇಗೆ 'K7ರ ಹಣ ಏನಾಯಿತು?' ಎಂದು ತಾನೇ ವಿಚಾರಿಸಬೇಕು. ಬಂದಿದೆ ಎಂದರೆ ಟಿಕೆಟ್, ಇಲ್ಲ ಎಂದರೆ ಬಿಡುಗಡೆ. ತಲೆನೋವು ಮೂರನೆಯ ಉತ್ತರದ್ದು: 'ಪೆಂಡಿಂಗ್'. ಹಣ ಹೋಗಿರಲೂಬಹುದು, ಹೋಗದಿರಲೂಬಹುದು. ಆಗ ಇನ್ನೊಂದೆರಡು ನಿಮಿಷ ಕಾಯಬಹುದು, ಆದರೆ ಕೊನೆಯಿಲ್ಲದೆ ಕಾಯುವಂತಿಲ್ಲ. ಸೀಟನ್ನು ಬಿಟ್ಟು, ಹಣ ಆಮೇಲೆ ಬಂದರೆ ವಾಪಸ್ ಮಾಡುವುದೇ ಬಸ್ಸಿನಂಥ ವ್ಯವಹಾರಕ್ಕೆ ಸರಿಹೊಂದುವ ತೀರ್ಮಾನ. ರಿಫಂಡಿನಿಂದ ಒಬ್ಬರಿಗೆ ಕೆಲವು ದಿನದ ತೊಂದರೆ. ಬಸ್ಸು ಹೊರಟ ಮೇಲೆ ಖಾಲಿ ಉಳಿದ ಸೀಟನ್ನು ಮಾತ್ರ ಯಾರಿಗೂ ಮಾರಲಾಗದು.

ಗೇಟ್‌ವೇಯಿಂದ ಬರುವ ಸುದ್ದಿ ತಡವಾಗುವುದಷ್ಟೇ ಅಲ್ಲ, ಎರಡು ಮೂರು ಸಲ ಬರುವುದೂ ಉಂಟು. ತಲುಪಿದ ಉತ್ತರ ಸಿಗದಿದ್ದರೆ ಅದು ಮತ್ತೆ ಮತ್ತೆ ಕಳಿಸುತ್ತದೆ, ಅದರ ಸ್ವಭಾವವೇ ಹಾಗೆ. ಪ್ರತಿ ಪಾವತಿಗೂ ಒಂದು ಸಂಖ್ಯೆ ಇಟ್ಟುಕೊಂಡು, ಅದೇ ಸಂಖ್ಯೆ ಎರಡನೇ ಸಲ ಬಂದರೆ 'ಗೊತ್ತಾಯಿತು' ಎಂದಷ್ಟೇ ಹೇಳಿ ಸುಮ್ಮನಾಗಬೇಕು. ಇಲ್ಲದಿದ್ದರೆ ಒಂದೇ ಹಣಕ್ಕೆ ಎರಡು ಟಿಕೆಟ್, ಇಲ್ಲವೇ ಎರಡು ರಿಫಂಡ್. ಕಾರ್ಡಿನಲ್ಲಾದರೆ ಇನ್ನೂ ಸೊಗಸಾದ ಅನುಕೂಲವಿದೆ. ಹಣವನ್ನು ಮೊದಲು ಖಾತೆಯಲ್ಲೇ ತಡೆಹಿಡಿದು, ಸೀಟು ಖಚಿತವಾದ ಮೇಲೆ ಎಳೆದುಕೊಳ್ಳಬಹುದು; ಸೀಟು ಸಿಗದಿದ್ದರೆ ತಡೆ ತೆಗೆದರಾಯಿತು, ಹಣ ಖಾತೆ ಬಿಟ್ಟು ಹೋಗಿರುವುದೇ ಇಲ್ಲ.

ಪ್ರಯಾಣಿಕ ಹಿಂದಕ್ಕೆ ಹೋಗುವ ಬಟನ್ ಒತ್ತಿದರೆ ಸೀಟನ್ನು ಆಗಲೇ ಬಿಡಬಹುದಲ್ಲ ಎನಿಸುತ್ತದೆ. ಪಾವತಿ ಆರಂಭವಾಗುವ ಮುಂಚೆಯಾದರೆ ಬಿಡಲೇಬೇಕು, ಇನ್ನೊಬ್ಬರಿಗೆ ಉಪಕಾರ. ಪಾವತಿ ಶುರುವಾದ ಮೇಲೆ ಅದು ಅಪಾಯ. ಯುಪಿಐ ಆ್ಯಪ್ ತೆರೆದಾಗ ಬುಕಿಂಗ್ ಆ್ಯಪ್ ಹಿನ್ನೆಲೆಗೆ ಸರಿಯುತ್ತದೆ. ಮೆಮೊರಿ ಕಡಿಮೆಯಿರುವ ಫೋನುಗಳು ಅಂಥ ಆ್ಯಪನ್ನು ಮುಚ್ಚಿಯೇ ಬಿಡುತ್ತವೆ. 'ಆ್ಯಪ್ ಮುಚ್ಚಿತು, ಗಿರಾಕಿ ಹೋದ' ಎಂದು ಸರ್ವರ್ ಭಾವಿಸಿ ಸೀಟು ಬಿಟ್ಟರೆ, ಅದೇ ಕ್ಷಣದಲ್ಲಿ ಗಿರಾಕಿ ಪಿನ್ ಒತ್ತುತ್ತಿರುತ್ತಾನೆ. ಫೋನಿನಲ್ಲಿ ಏನಾಯಿತು ಎಂಬುದನ್ನು ನಂಬಿ ತೀರ್ಮಾನ ಮಾಡಬಾರದು. ಪರದೆಯ ಟೈಮರ್ ಕೂಡ ಬರೀ ತೋರಿಕೆ, ಲೆಕ್ಕಕ್ಕೆ ಬರುವುದು ಸರ್ವರಿನ ಗಡಿಯಾರ.

ಆ್ಯಪ್ ಒಂದು ಕಂಪನಿಯದು, ಬಸ್ಸು ಇನ್ನೊಬ್ಬರದು ಆದಾಗ ಇನ್ನೊಂದು ಸಿಕ್ಕು. ಆ್ಯಪಿನ ಸರ್ವರಿನಲ್ಲಿ ಒಂದು ಹಿಡಿತ, ಬಸ್ಸಿನವರ ಸರ್ವರಿನಲ್ಲಿ ಇನ್ನೊಂದು. ಬಸ್ಸಿನವರು ಐದೇ ನಿಮಿಷ ಹಿಡಿದು, ಆ್ಯಪ್ ಎಂಟು ನಿಮಿಷ ತೋರಿಸಿದರೆ ಕೊನೆಯ ಮೂರು ನಿಮಿಷ ಪ್ರಯಾಣಿಕ ತನ್ನದಲ್ಲದ ಸೀಟಿಗೆ ಹಣ ಕಟ್ಟುತ್ತಿರುತ್ತಾನೆ. ಆದ್ದರಿಂದ ಆ್ಯಪಿನ ಅವಧಿ ಯಾವಾಗಲೂ ಬಸ್ಸಿನವರ ಅವಧಿಯ ಒಳಗಿರಬೇಕು. ನಮ್ಮ ಬಸ್ಸುಗಳಲ್ಲಿ ಮಹಿಳೆಯೊಬ್ಬರು ಕೂತರೆ ಪಕ್ಕದ ಸೀಟನ್ನು ಮಹಿಳೆಯರಿಗೇ ಮೀಸಲಿಡುವ ರೂಢಿಯಿದೆಯಲ್ಲ, ಅದೂ ಇಲ್ಲಿ ಕೈಯಾಡಿಸುತ್ತದೆ: ಹಣ ಕಟ್ಟದೆ ಹೋದ ಹಿಡಿತವನ್ನು ಬಿಡುವಾಗ ಪಕ್ಕದ ಸೀಟಿನ ಗುರುತನ್ನೂ ತೆಗೆಯಲು ಮರೆತರೆ ಗಂಡಸರಿಗೆ ಆ ಸೀಟು ಕಾರಣವಿಲ್ಲದೆ ಮುಚ್ಚಿರುತ್ತದೆ.

ಹಾಗಾದರೆ ಎಷ್ಟು ನಿಮಿಷ ಸರಿ? ಮೂರು ನಿಮಿಷವೆಂದರೆ ಊರಿನ ನೆಟ್‌ವರ್ಕಿನಲ್ಲಿ ಓಟಿಪಿಗೆ ಕಾಯುವ ಹಿರಿಯರಿಗೆ ಅನ್ಯಾಯ. ಇಪ್ಪತ್ತು ನಿಮಿಷವೆಂದರೆ ದುರುಪಯೋಗಕ್ಕೆ ಆಹ್ವಾನ. ವಿಮಾನ ಕಂಪನಿಗಳು ಈ ಕಾಟವನ್ನು ಚೆನ್ನಾಗಿ ಉಂಡಿವೆ. ಹಣ ಕಟ್ಟುವ ಉದ್ದೇಶವೇ ಇಲ್ಲದ ಯಾಂತ್ರಿಕ ಕಾರ್ಯಕ್ರಮಗಳು ಸೀಟು ಹಿಡಿಯುತ್ತವೆ, ಅವಧಿ ಮುಗಿದ ಕೂಡಲೇ ಅದೇ ಸೀಟನ್ನು ಮತ್ತೆ ಹಿಡಿಯುತ್ತವೆ. ಪರದೆಯಲ್ಲಿ ವಿಮಾನ ತುಂಬಿದೆ, ಹಾರುವಾಗ ಅರ್ಧ ಖಾಲಿ. ಇದಕ್ಕೆ ಅವಧಿ ಕಡಿಮೆ ಮಾಡುವುದೊಂದೇ ಪರಿಹಾರವಲ್ಲ. ಒಂದು ಫೋನ್ ನಂಬರಿಗೆ ಒಂದು ಹೊತ್ತಿಗೆ ಒಂದೇ ಹಿಡಿತ, ಒಂದು ಹಿಡಿತಕ್ಕೆ ಆರೇ ಸೀಟು, ಪದೇ ಪದೇ ಹಿಡಿದು ಬಿಡುವವರಿಗೆ ತಡೆ, ಇಂಥ ಕಟ್ಟುಪಾಡುಗಳು ಬೇಕು. ಸಾಮಾನ್ಯ ದಿನಗಳಿಗೆ ಎಂಟು ಹತ್ತು ನಿಮಿಷ ನ್ಯಾಯವಾದ ಅಳತೆಯೇ.

ಇಷ್ಟೆಲ್ಲ ಎಚ್ಚರವಿದ್ದೂ ಒಮ್ಮೊಮ್ಮೆ ಹಣ ಹೋಗಿ ಟಿಕೆಟ್ ಬಾರದಿರುತ್ತದೆ. ಆಗ ಪ್ರಯಾಣಿಕರು ಮೊದಲು ನೋಡಬೇಕಾದ್ದು 'ನನ್ನ ಬುಕಿಂಗ್' ಪುಟವನ್ನು. ತಡವಾದ ಸುದ್ದಿ ತಲುಪಿ ಟಿಕೆಟ್ ಆಗಿರಲೂಬಹುದು. ಅದನ್ನು ನೋಡದೆ ಗಾಬರಿಯಲ್ಲಿ ಇನ್ನೊಮ್ಮೆ ಕಟ್ಟಿದರೆ ಒಬ್ಬರಿಗೇ ಎರಡು ಸೀಟಾಗುವುದುಂಟು, ಆಗ ಒಂದನ್ನು ರದ್ದು ಮಾಡಲು ಶುಲ್ಕ ತೆರಬೇಕು. ಟಿಕೆಟ್ ಇಲ್ಲವೆಂದಾದರೆ ಯುಪಿಐ ಆ್ಯಪಿನಲ್ಲಿರುವ 12 ಅಂಕಿಯ ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ದೂರಿಗೆ ಮುಖ್ಯ ಆಧಾರ ಅದೇ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆ ಇಲ್ಲಿ ನೆರವಿಗೆ ಬರುತ್ತದೆ. ಖಾತೆಯಿಂದ ಹಣ ಹೋಗಿ, ಅದರ ದೃಢೀಕರಣ ವ್ಯಾಪಾರಿಗೆ ತಲುಪದಿದ್ದರೆ, ಯುಪಿಐ ಇರಲಿ ಕಾರ್ಡ್ ಇರಲಿ, ವ್ಯವಹಾರದ ದಿನದಿಂದ ಐದು ದಿನದೊಳಗೆ ಹಣ ತಾನಾಗಿ ಹಿಂದಿರುಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನೂ ಗ್ರಾಹಕರು ಕೇಳುವ ತನಕ ಕಾಯದೆ ಕೊಡಬೇಕು. ದೃಢೀಕರಣ ತಲುಪಿ, ಸೀಟು ಸಿಗದೆ ಕಂಪನಿಯೇ ರಿಫಂಡ್ ಮಾಡಬೇಕಾದ ಪ್ರಕರಣ ಬೇರೆ. ಅದನ್ನು ಟಿಕೆಟ್ ಮಾರಿದವರಲ್ಲೇ ಕೇಳಬೇಕು. ಬ್ಯಾಂಕಿಗೆ ಬರೆದು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ cms.rbi.org.in ತಾಣದಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.